ಅಂಗಳದಲ್ಲಿ ಹರಿಯದ ತುಂಗೆ

ಕಳೆದ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ. ನನ್ನ ಅಣ್ಣನ ಮಗ ತೀರ್ಥಹಳ್ಳಿ ಸೀಮೆಯಲ್ಲಿ ನಡೆಸುವ ಪುಟ್ಟ ರೆಸಾರ್ಟಿನ ಜಗಲಿಯಲ್ಲಿ ನಾನು ಎಲೆಯಡಿಕೆ ಹಾಕಿಕೊಂಡು ಕೂತಿದ್ದೆ. ಪುಣೆಯಿಂದ ಒಂದು ಕುಟುಂಬ ಬಂದಿಳಿಯಿತು. ಅವರ ಜೊತೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಎರಡೂ ಮೊಣಕಾಲಿಗೆ ಪಟ್ಟಿ, ಕೈಯಲ್ಲೊಂದು ಕೋಲು. ಕಾರಿನಿಂದ ಇಳಿದವರು ಅಂಗಳವನ್ನು ಆ ಕಡೆಯಿಂದ ಈ ಕಡೆಗೆ ಒಮ್ಮೆ ನೋಡಿ, ಹಿಂದಿಯಲ್ಲಿ ಕೇಳಿದರು: "ನದಿ ಎಲ್ಲಿದೆ?"

ನದಿ ಕೆಳಗಿತ್ತು. ಅಡಿಕೆ ತೋಟದ ಆಚೆ, ಕಲ್ಲಿನ ಮೆಟ್ಟಿಲು ಇಳಿದು ಹೋಗಬೇಕು. ಅಜ್ಜಿಗೆ ಅದು ಆಗದ ಮಾತು. ಅವರು ಬೈಯಲಿಲ್ಲ, ದೂರು ಹೇಳಲಿಲ್ಲ. "ಅಂಗಳದಲ್ಲೇ ನದಿ ಹರಿಯುತ್ತದೆ ಎಂದು ಬರೆದಿತ್ತಲ್ಲ, ಕಾಲು ಅದ್ದಿಕೊಂಡು ಕೂರೋಣ ಅಂತ ಬಂದೆ" ಎಂದಷ್ಟೇ ಹೇಳಿದರು. ಎರಡು ದಿನವೂ ಜಗಲಿಯಲ್ಲಿ ಕೂತು, ಕೆಳಗಿನಿಂದ ಕೇಳಿಬರುವ ನೀರಿನ ಸದ್ದನ್ನು ಕೇಳುತ್ತಿದ್ದರು. ಹೊರಡುವ ದಿನ ಮೊಮ್ಮಗ ಒಂದು ಚೊಂಬಿನಲ್ಲಿ ನದಿಯ ನೀರು ತಂದುಕೊಟ್ಟ. ಅದನ್ನೇ ಪಾದಕ್ಕೆ ಹಾಕಿಕೊಂಡರು.

ಆ ವಾಕ್ಯ ಬರೆದವನು ನಾನೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು, ನಿವೃತ್ತಿಯ ನಂತರ ಪ್ರವಾಸದ ಕಿರುಪುಸ್ತಕಗಳನ್ನು ಅನುವಾದಿಸುತ್ತಿದ್ದವನು. ಅಂತರ್ಜಾಲದಲ್ಲಿ ಪ್ರವಾಸಿಗರು ತಂಗುವ ಜಾಗ ಹುಡುಕುವ ತಾಣಕ್ಕೆ ಹಾಕಲು ಅಣ್ಣನ ಮಗ ಒಂದು ಪರಿಚಯ ಬರೆದುಕೊಡಿ ಎಂದಾಗ, ಒಂದೇ ಗುಕ್ಕಿನಲ್ಲಿ ಬರೆದುಕೊಟ್ಟಿದ್ದೆ. ಅದು ಹೀಗಿತ್ತು:

"ಮಲೆನಾಡಿನ ಮಡಿಲಲ್ಲಿ ಭೂಲೋಕದ ಸ್ವರ್ಗ! ಅಂಗಳದಲ್ಲೇ ಹರಿಯುವ ತುಂಗೆ, ಕೂಗಳತೆಯಲ್ಲಿ ಆಗುಂಬೆಯ ಸೂರ್ಯಾಸ್ತ. ದನಗಳಿಗೆ ಹುಲ್ಲು ಹಾಕಿ, ಹಾಲು ಕರೆದು, ಬಿಸಿ ಕಾಫಿ ಕುಡಿದು ತೋಟ ಸುತ್ತುವ ಸುಖ. 24 ಗಂಟೆ ಬಿಸಿನೀರು. ಕಣ್ಣಿಗೆ ಹಬ್ಬ, ನಾಲಿಗೆಗೆ ರಸದೌತಣ. ಐಷಾರಾಮಿ ಬೊಟಿಕ್ ರೆಸಾರ್ಟ್."

ಇದು ಇಂಗ್ಲಿಷಿಗೂ ಹಿಂದಿಗೂ ಅನುವಾದವಾಗಿ ಹೋಗಿತ್ತು. ನಮ್ಮೂರಿನವರು "ಅಂಗಳದಲ್ಲೇ ನದಿ" ಎಂಬ ಮಾತನ್ನು ಓದಿದರೆ, ಹತ್ತಿರದಲ್ಲಿದೆ ಎಂದು ನಕ್ಕು ಅರ್ಥಮಾಡಿಕೊಳ್ಳುತ್ತಾರೆ. ಆದರೆ ಅನುವಾದಿಸಿದವರು ಜಾಗ ನೋಡಿದವರಲ್ಲ. ಅವರು ಅಂಗಳವನ್ನು ಅಂಗಳ ಎಂದೇ ಬರೆದರು. ತಪ್ಪು ಅವರದಲ್ಲ.

ಟೇಪು ಹಿಡಿದು ಹೊರಟೆವು

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಏಳನೇ ತರಗತಿ. ಅವಳಿಗೆ ಹೇಳಿದೆ: "ಅಜ್ಜ ಒಂದು ಸುಳ್ಳು ಬರೆದಿದ್ದಾನೆ. ತಿದ್ದಲು ಸಹಾಯ ಮಾಡ್ತೀಯಾ?" ಅವಳಿಗೆ ಖುಷಿಯೋ ಖುಷಿ. ಮರುದಿನ ಬೆಳಿಗ್ಗೆ ದರ್ಜಿಯ ಟೇಪು, ನೋಟ್‌ಬುಕ್ಕು, ನನ್ನ ಕೈಗಡಿಯಾರ ಹಿಡಿದು ಇಬ್ಬರೂ ಹೊರಟೆವು.

ಅಂಗಳದ ತುದಿಯಿಂದ ನೀರಿನವರೆಗೆ ಮೆಟ್ಟಿಲು ಎಣಿಸಿದೆವು. 142. ಪಕ್ಕದಲ್ಲಿ ಹಿಡಿದುಕೊಳ್ಳಲು ಕೈಪಿಡಿ ಇರುವುದು ಮೊದಲ 60 ಮೆಟ್ಟಿಲಿಗೆ ಮಾತ್ರ. ಮೊಮ್ಮಗಳು ನಾಲ್ಕು ನಿಮಿಷದಲ್ಲಿ ಇಳಿದಳು. ನಾನು ಹತ್ತಿ ಬರಲು ಹನ್ನೊಂದು ನಿಮಿಷ ಬೇಕಾಯಿತು, ನಡುವೆ ಎರಡು ಸಲ ಕೂತೆ. ಇದನ್ನೆಲ್ಲ ಅವಳು ಬರೆದುಕೊಂಡಳು. ನಾನು ಕೂತದ್ದನ್ನೂ ಬಿಡಲಿಲ್ಲ.

ಅಲ್ಲಿಯೇ ನನಗೊಂದು ವಿಷಯ ಹೊಳೆಯಿತು. "ಹತ್ತಿರ" ಎಂಬ ಪದ ಹೇಳುವವನ ಕಾಲನ್ನು ನೋಡುತ್ತದೆ, ಕೇಳುವವನ ಕಾಲನ್ನಲ್ಲ. ಹನ್ನೆರಡರ ಹುಡುಗಿಗೆ ಹತ್ತಿರವಾದದ್ದು ಎಪ್ಪತ್ತರ ಅಜ್ಜಿಗೆ ದೂರ. "142 ಮೆಟ್ಟಿಲು" ಎಂದು ಬರೆದುಬಿಟ್ಟರೆ ಓದಿದವರು ತಮ್ಮ ತಮ್ಮ ಕಾಲಿನಿಂದ ತಾವೇ ಅಳೆದುಕೊಳ್ಳುತ್ತಾರೆ. ಸಂಖ್ಯೆಗೆ ಇನ್ನೊಂದು ಗುಣವೂ ಇದೆ. ಅದು ಯಾವ ಭಾಷೆಗೆ ಹೋದರೂ 142 ಆಗಿಯೇ ಇರುತ್ತದೆ.

ಆಗುಂಬೆಯದೂ ಇದೇ ಕಥೆ. ರೆಸಾರ್ಟಿನಿಂದ ಆಗುಂಬೆಗೆ ರಸ್ತೆಯಲ್ಲಿ 38 ಕಿಲೋಮೀಟರು. ಕೂಗಿದರೆ ಕೇಳುವುದಿರಲಿ, ಕಾರಿನಲ್ಲಿ ಒಂದು ಗಂಟೆ ಬೇಕು. ಮೇಲಾಗಿ, ಸೂರ್ಯಾಸ್ತ ಎಂದು ಬರೆದವನು ಯಾವಾಗ ಎಂದು ಬರೆಯಬೇಕಲ್ಲ? ಆಗುಂಬೆ ನಾಡಿನಲ್ಲೇ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮೋಡ, ಮಂಜು. ಸೂರ್ಯ ಮುಳುಗಿದ್ದು ಕತ್ತಲಾದ ಮೇಲೇ ಗೊತ್ತಾಗುವುದು. ಜುಲೈಯಲ್ಲಿ ಬಂದವರು ಎಷ್ಟು ಜನ ಘಾಟಿಯ ಮೇಲೆ ಕೊಡೆ ಹಿಡಿದು ನಿಂತು ವಾಪಸು ಬಂದರೋ.

"ಮಳೆಗಾಲದಲ್ಲಿ ಕಾಣುವುದಿಲ್ಲ ಅಂತ ಬರಿ ಅಜ್ಜ" ಎಂದಳು ಮೊಮ್ಮಗಳು. ನಾನು ತಲೆಯಾಡಿಸಿದೆ. "ಮಳೆಗಾಲ ಅಂದರೆ ಜರ್ಮನಿಯವರಿಗೆ ಏನು ಗೊತ್ತು? ಅವರ ಬೇಸಿಗೆ ಬರುವುದೇ ಜೂನ್‌ನಿಂದ ಆಗಸ್ಟಿಗೆ. ನಮ್ಮ ಮಳೆಯ ಹೊತ್ತಿಗೆ ಅವರಿಗೆ ಬೇಸಿಗೆ ರಜೆ. ತಿಂಗಳ ಹೆಸರು ಬರಿ." ಕಾಲದ ಹೆಸರು ಊರಿನಿಂದ ಊರಿಗೆ ಬದಲಾಗುತ್ತದೆ. ಜೂನ್ ಎಲ್ಲೆಡೆ ಜೂನೇ.

ದನ ಕರೆಯುವವರು ಯಾರು?

ಅಳತೆ ಮುಗಿದ ಮೇಲೆ ಭಾಷೆಯ ಕೆಲಸ. ಅನುವಾದಕರು ತಮ್ಮ ಕೆಲಸ ಪರೀಕ್ಷಿಸಲು ಒಂದು ಉಪಾಯ ಮಾಡುತ್ತಾರೆ. ಕನ್ನಡದಿಂದ ಇಂಗ್ಲಿಷಿಗೆ ಹೋದದ್ದನ್ನು, ಮೂಲ ನೋಡದ ಇನ್ನೊಬ್ಬರ ಕೈಗೆ ಕೊಟ್ಟು ಮತ್ತೆ ಕನ್ನಡಕ್ಕೆ ತರಿಸುತ್ತಾರೆ. ಹೋದದ್ದೇ ಮರಳಿ ಬಂದರೆ ವಾಕ್ಯ ಗಟ್ಟಿ. ಬೇರೇನೋ ಬಂದರೆ, ಎಲ್ಲೋ ಸೋರಿದೆ ಎಂದರ್ಥ. ಇದನ್ನು ಮಕ್ಕಳೂ ಮನೆಯಲ್ಲಿ ಆಟದಂತೆ ಆಡಬಹುದು. ಒಬ್ಬರು ಬರೆಯಬೇಕು, ಒಬ್ಬರು ಆಚೆ ದಾಟಿಸಬೇಕು, ಮೂರನೆಯವರು ಈಚೆ ತರಬೇಕು. ಮೂರನೆಯವರು ಮೂಲವನ್ನು ಕದ್ದು ನೋಡಬಾರದು, ಅಷ್ಟೇ ನಿಯಮ.

ನಮ್ಮ ಮನೆಯಲ್ಲಿ ಸೊಸೆ ಇಂಗ್ಲಿಷಿಗೆ ದಾಟಿಸಿದಳು. ನನ್ನ ಜೊತೆ ಶಾಲೆಯಲ್ಲಿದ್ದ ಗೆಳೆಯರೊಬ್ಬರು ಅದನ್ನು ಓದಿ ಕನ್ನಡಕ್ಕೆ ತಂದರು. ದನದ ವಾಕ್ಯ ಮರಳಿ ಬಂದದ್ದು ಹೀಗೆ: "ನೀವು ದನಗಳಿಗೆ ಹುಲ್ಲು ಹಾಕಬೇಕು, ಹಾಲು ಕರೆಯಬೇಕು, ನಂತರ ಕಾಫಿ ಸಿಗುತ್ತದೆ." ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. "ಹಾಲು ಕರೆಯದಿದ್ದರೆ ಕಾಫಿ ಇಲ್ವಾ ಅಜ್ಜ?"

ಇಲ್ಲಿ ಸೋರಿದ್ದು ಏನು? ಕನ್ನಡದಲ್ಲಿ "ಹಾಕಿ, ಕರೆದು, ಕುಡಿದು" ಎಂದು ಸರಪಳಿಯಂತೆ ಕೊಂಡಿ ಹಾಕುತ್ತಾ ಹೋಗಬಹುದು. ಮಾಡುವವರು ಯಾರೆಂದು ಹೇಳಬೇಕಾಗಿಲ್ಲ. ಕೊಟ್ಟಿಗೆಯ ಪದ್ಧತಿ ಗೊತ್ತಿದ್ದವರಿಗೆ ಹೇಳದೆಯೂ ತಿಳಿಯುತ್ತದೆ. ಆದರೆ ಇಂಗ್ಲಿಷ್ ವಾಕ್ಯಕ್ಕೆ ಕರ್ತೃ ಬೇಕೇ ಬೇಕು. ನಾವು ಹೇಳದಿದ್ದರೆ ಅನುವಾದಿಸುವವರು ಊಹಿಸಲೇಬೇಕು. ಸೊಸೆ "ನೀವು" ಎಂದು ಊಹಿಸಿದಳು.

ಹಾಗಾಗಿ ಒಂದನ್ನು ಮೂರು ಮಾಡಿದೆವು. "ನಮ್ಮಲ್ಲಿ ನಾಲ್ಕು ದನಗಳಿವೆ. ಮನೆಯವರು ಬೆಳಿಗ್ಗೆ 6 ಗಂಟೆಗೆ ಹಾಲು ಕರೆಯುತ್ತಾರೆ. ಅತಿಥಿಗಳು ಇಷ್ಟವಿದ್ದರೆ ನಿಂತು ನೋಡಬಹುದು." ಇದರಲ್ಲಿ ಸೊಗಸು ಕಡಿಮೆ, ಒಪ್ಪುತ್ತೇನೆ. ಆದರೆ ಈ ಸಲ ಹಿಂತಿರುಗಿ ಬಂದದ್ದು ಅಕ್ಷರಶಃ ಅದೇ.

ಹೆಸರಿನ ಗೊಂದಲ ಇನ್ನೊಂದು. ನನ್ನ ಹಳೆಯ ಟಿಪ್ಪಣಿಯಲ್ಲಿ ಒಮ್ಮೆ ಕೋಣೆ, ಒಮ್ಮೆ ರೂಮು, ಒಮ್ಮೆ ಕುಟೀರ ಎಂದಿತ್ತು. ಒಂದೇ ಪದ ಮತ್ತೆ ಮತ್ತೆ ಬರಬಾರದು ಎಂದು ಮಕ್ಕಳ ಪ್ರಬಂಧಕ್ಕೆ ಕೆಂಪು ಗೆರೆ ಎಳೆದವನು ನಾನು. ಇಲ್ಲಿ ಅದೇ ಪಾಠ ತಿರುಗುಬಾಣವಾಯಿತು. ಗೆಳೆಯರು ಕೇಳಿದರು: "ಕೋಣೆಗೂ ಕುಟೀರಕ್ಕೂ ಬೇರೆ ಬೇರೆ ದರವೇ?" ಇಂಥ ಬರಹದಲ್ಲಿ ಒಂದು ವಸ್ತುವಿಗೆ ಒಂದೇ ಹೆಸರು, ಮೊದಲಿನಿಂದ ಕೊನೆಯವರೆಗೆ. ನಾವು "ಕೋಣೆ" ಇಟ್ಟುಕೊಂಡೆವು.

ಮೇಲಿನ ಎರಡು ಕೋಣೆಗಳನ್ನು "ಮೊದಲ ಮಹಡಿ" ಎಂದು ಬರೆಯಲು ಹೊರಟಿದ್ದೆ. ಅಮೆರಿಕದಲ್ಲಿ ಓದಿ ಬಂದ ಸೊಸೆ ತಡೆದಳು. ಅಲ್ಲಿ ನೆಲಮಟ್ಟದ ಅಂತಸ್ತನ್ನೇ ಮೊದಲನೆಯದೆಂದು ಕರೆಯುತ್ತಾರಂತೆ. ಅಲ್ಲಿಂದ ಬಂದ ಅಜ್ಜ ಅಜ್ಜಿ ಮೆಟ್ಟಿಲಿಲ್ಲವೆಂದು ನಂಬಿ ಅದೇ ಕೋಣೆ ಕಾದಿರಿಸಿಯಾರು. "14 ಮೆಟ್ಟಿಲು ಹತ್ತಿ ಹೋಗಬೇಕು" ಎಂದು ಬರೆದೆವು.

ಇನ್ನು ಬೊಟಿಕ್. ನನ್ನ ಹೆಂಡತಿ ಹಳೆಯ ಟಿಪ್ಪಣಿ ಓದಿ, "ಅಲ್ಲಿ ರವಿಕೆ ಹೊಲಿದುಕೊಡ್ತಾರಾ?" ಎಂದು ಕೇಳಿದಳು. ನಗುವ ಮಾತಲ್ಲ. ನಮ್ಮ ಪೇಟೆಗಳಲ್ಲಿ ಬೊಟಿಕ್ ಎಂದರೆ ಬಟ್ಟೆ ಹೊಲಿಯುವ ಅಂಗಡಿಯೇ. ಫ್ರೆಂಚ್ ಭಾಷೆಯಲ್ಲಿ ಅದರ ಅರ್ಥ ಸಣ್ಣ ಅಂಗಡಿ. ಹೋಟೆಲಿಗೆ ಸೇರಿಸಿದಾಗ, ಕೆಲವೇ ಕೋಣೆಗಳಿರುವ, ತನ್ನದೇ ಗುಣವಿರುವ ಜಾಗ ಎಂದಾಗುತ್ತದೆ. ಅದನ್ನೇ ಬಿಡಿಸಿ ಹೇಳಬಹುದಲ್ಲ? "ಆರು ಕೋಣೆಗಳ ಸಣ್ಣ ರೆಸಾರ್ಟ್" ಎಂದರೆ ಮುಗಿಯಿತು.

ಆದರೆ ಎಲ್ಲ ಪದವನ್ನೂ ಬಿಡಿಸಿ ಕರಗಿಸಬೇಕಾಗಿಲ್ಲ. ಕಡುಬು ಕಡುಬಾಗಿಯೇ ಇರಲಿ, ಒಂದು ಸಲ ಅರ್ಥ ಹೇಳಿದರೆ ಸಾಕು: "ಕಡುಬು, ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸಿದ ಉಂಡೆ." ಹೆಸರು ಹಾಗೇ ದಾಟಿ ಹೋಗುತ್ತದೆ, ಅರ್ಥ ಜೊತೆಗೆ ಹೋಗುತ್ತದೆ. ಬಂದವರು ಅಡಿಗೆಮನೆಯಲ್ಲಿ ಅದೇ ಹೆಸರು ಹೇಳಿ ಕೇಳಬಹುದು.

ಇಂಬಳದ ಜಗಳ

ಕೊನೆಗೆ ಉಳಿದದ್ದು ನನಗೂ ಅಣ್ಣನ ಮಗನಿಗೂ ಆದ ಜಗಳ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಇಂಬಳ ಇರುತ್ತದೆ. ಕಾಲಿಗೆ ಹತ್ತಿ ರಕ್ತ ಹೀರುತ್ತದೆ. ಮಲೆನಾಡಿನ ಮಕ್ಕಳು ಅದನ್ನು ಕಿತ್ತೆಸೆದು ಶಾಲೆಗೆ ಹೋಗುತ್ತವೆ. ಪೇಟೆಯವರು ಕಿರುಚುತ್ತಾರೆ. ಅದನ್ನು ಬರೆಯಬೇಕು ಎಂದೆ ನಾನು.

"ಎಂತ ಚಿಕ್ಕಪ್ಪ ನೀವು! ಇಂಬಳ ಇದೆ ಅಂತ ಬರೆದರೆ ಯಾರು ಬರ್ತಾರೆ? ಹೇಳದಿದ್ದರೆ ಸುಳ್ಳು ಹೇಳಿದ ಹಾಗಾಗ್ತದಾ?" ಎಂದ ಅವನು. ಅವನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಬ್ಯಾಂಕಿನ ಸಾಲದ ಕಂತು ಪ್ರತಿ ತಿಂಗಳೂ ಕಟ್ಟಬೇಕು. ಆರು ಕೋಣೆಯಲ್ಲಿ ಎರಡು ಖಾಲಿ ಬಿದ್ದರೂ ಅವನಿಗೆ ರಾತ್ರಿ ನಿದ್ದೆ ಬರುವುದಿಲ್ಲ.

ಕಾನೂನಿನ ಮಾತು ಅವನಿಗೆ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸುಳ್ಳು ಹೇಳುವುದು ಮಾತ್ರವಲ್ಲ, ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿತಪ್ಪಿಸುವ ಜಾಹೀರಾತೇ. ಕೇಂದ್ರದ ಪ್ರಾಧಿಕಾರ ಅದಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅವನು ಸುಮ್ಮನಾದ, ಆದರೆ ಒಪ್ಪಿದ್ದು ಅದಕ್ಕಲ್ಲ. ಮೊಮ್ಮಗಳು ಕೇಳಿದ ಪ್ರಶ್ನೆಗೆ: "ದೊಡ್ಡಪ್ಪ, ಇಂಬಳ ನೋಡಿ ಹೆದರಿ ಅರ್ಧಕ್ಕೆ ವಾಪಸು ಹೋದವರು ಯಾರಾದರೂ ಇದ್ದಾರಾ?" ಇದ್ದರು. ಎರಡು ಕುಟುಂಬ. ದುಡ್ಡು ವಾಪಸು ಕೊಡಬೇಕಾಗಿತ್ತು. "ಗೊತ್ತಿದ್ದು ಬಂದವರು ಹಾಗೆ ಹೋಗ್ತಿದ್ರಾ?"

ಬರೆಯುವಾಗ ಎರಡು ಎಚ್ಚರ ವಹಿಸಿದೆವು. ಒಂದು, ಹೆದರಿಸುವುದೂ ಉತ್ಪ್ರೇಕ್ಷೆಯೇ. "ಇಂಬಳಗಳ ಕಾಟ" ಎಂದು ಬರೆಯಲಿಲ್ಲ. ಎರಡು, ತೊಂದರೆ ಹೇಳಿದ ಮೇಲೆ ಏನು ಮಾಡಬೇಕು ಎಂಬುದನ್ನು ಅಲ್ಲೇ ಹೇಳಬೇಕು.

ಬಿಸಿನೀರಿನದೂ ಸರಿಪಡಿಸಿದೆವು. ಅಲ್ಲಿ ನೀರು ಕಾಯುವುದು ಹಂಡೆಯಲ್ಲಿ, ಕಟ್ಟಿಗೆ ಉರಿಯಲ್ಲಿ. ರಾತ್ರಿ ಎರಡು ಗಂಟೆಗೆ ಯಾರು ಎದ್ದು ಉರಿ ಹಾಕುತ್ತಾರೆ? ಚಿತ್ರಗಳ ಕೆಳಗೂ ತಿಂಗಳು ಹಾಕಿದೆವು. ತುಂಬಿ ಹರಿಯುವ ಹಳ್ಳದ ಚಿತ್ರ ತೆಗೆದದ್ದು ಸೆಪ್ಟೆಂಬರಿನಲ್ಲಿ. ಏಪ್ರಿಲಿನಲ್ಲಿ ಬಂದವರಿಗೆ ಅಲ್ಲಿ ಕಾಣುವುದು ಒಣ ಬಂಡೆ. ಮಾತು ನಿಜವಾಗಿದ್ದು ಚಿತ್ರ ಸುಳ್ಳಾದರೆ ಏನು ಬಂತು?

ಕೊನೆಗೆ ಉಳಿದ ಹೊಗಳಿಕೆಗಳಿಗೆ ಒಂದು ಪರೀಕ್ಷೆ ಇಟ್ಟೆವು. ವಾಕ್ಯವನ್ನು ಬೇರೆ ಊರಿನ ಬೇರೆ ರೆಸಾರ್ಟಿಗೆ ಅಂಟಿಸಿ ನೋಡುವುದು. "ಭೂಲೋಕದ ಸ್ವರ್ಗ" ಮಡಿಕೇರಿಗೂ ಅಂಟಿತು, ಊಟಿಗೂ ಅಂಟಿತು. "ಕಣ್ಣಿಗೆ ಹಬ್ಬ" ಎಲ್ಲಿಗೂ ಅಂಟಿತು. ಎಲ್ಲ ಕಡೆ ಅಂಟುವುದು ಯಾವ ಜಾಗವನ್ನೂ ತೋರಿಸುವುದಿಲ್ಲ. ಹೊಡೆದುಹಾಕಿದೆವು. "142 ಮೆಟ್ಟಿಲು" ಮಾತ್ರ ಬೇರೆಲ್ಲಿಗೂ ಅಂಟಲಿಲ್ಲ.

ಹೊಸ ಪರಿಚಯ

ಮೂರು ದಿನದ ಕೆಲಸದ ನಂತರ ಉಳಿದದ್ದು ಇಷ್ಟು:

"ಇದು ತೀರ್ಥಹಳ್ಳಿಯಿಂದ 9 ಕಿಲೋಮೀಟರ್ ದೂರದಲ್ಲಿ, ಅಡಿಕೆ ತೋಟದೊಳಗೆ ಇರುವ ಆರು ಕೋಣೆಗಳ ಸಣ್ಣ ರೆಸಾರ್ಟ್. ನಾಲ್ಕು ಕೋಣೆಗಳು ನೆಲಮಟ್ಟದಲ್ಲಿವೆ. ಎರಡು ಕೋಣೆಗಳಿಗೆ 14 ಮೆಟ್ಟಿಲು ಹತ್ತಿ ಹೋಗಬೇಕು.

ತುಂಗಾ ನದಿ ತೋಟದ ಕೆಳಗೆ ಹರಿಯುತ್ತದೆ. ಜಗಲಿಯಲ್ಲಿ ಕುಳಿತರೆ ನೀರಿನ ಸದ್ದು ಕೇಳುತ್ತದೆ, ನದಿ ಕಾಣುವುದಿಲ್ಲ. ನದಿಗೆ 142 ಕಲ್ಲಿನ ಮೆಟ್ಟಿಲು ಇಳಿಯಬೇಕು. ಮೊದಲ 60 ಮೆಟ್ಟಿಲಿಗೆ ಮಾತ್ರ ಕೈಪಿಡಿ ಇದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ನದಿಗೆ ಇಳಿಯಲು ಅವಕಾಶವಿಲ್ಲ.

ಊಟ ಸಸ್ಯಾಹಾರ. ಮನೆಯವರೇ ಅಡಿಗೆ ಮಾಡುತ್ತಾರೆ. ಬೆಳಿಗ್ಗೆ ಹೆಚ್ಚಾಗಿ ಕಡುಬು ಇರುತ್ತದೆ. ಕಡುಬು ಎಂದರೆ ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸಿದ ಉಂಡೆ. ನಮ್ಮಲ್ಲಿ ನಾಲ್ಕು ದನಗಳಿವೆ. ಮನೆಯವರು ಬೆಳಿಗ್ಗೆ 6 ಗಂಟೆಗೆ ಹಾಲು ಕರೆಯುತ್ತಾರೆ. ಅತಿಥಿಗಳು ಇಷ್ಟವಿದ್ದರೆ ನಿಂತು ನೋಡಬಹುದು.

ಸ್ನಾನದ ನೀರನ್ನು ಕಟ್ಟಿಗೆಯ ಒಲೆಯಲ್ಲಿ ಕಾಯಿಸುತ್ತೇವೆ. ಬಿಸಿನೀರು ಬೆಳಿಗ್ಗೆ 6ರಿಂದ 9ರವರೆಗೆ, ಸಂಜೆ 6ರಿಂದ 8ರವರೆಗೆ ಸಿಗುತ್ತದೆ. ಮೊಬೈಲ್ ಸಂಪರ್ಕ ಗೇಟಿನ ಹತ್ತಿರ ಮಾತ್ರ ಸಿಗುತ್ತದೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ತೋಟದ ದಾರಿಯಲ್ಲಿ ಇಂಬಳಗಳಿರುತ್ತವೆ. ಇಂಬಳ ಎಂದರೆ ಕಾಲಿಗೆ ಅಂಟಿ ರಕ್ತ ಹೀರುವ ಸಣ್ಣ ಹುಳು. ಉದ್ದನೆಯ ಕಾಲುಚೀಲ ತನ್ನಿ. ಹಚ್ಚಿಕೊಳ್ಳಲು ಉಪ್ಪು, ಸುಣ್ಣ ನಾವು ಕೊಡುತ್ತೇವೆ.

ಆಗುಂಬೆ ಇಲ್ಲಿಂದ ರಸ್ತೆಯಲ್ಲಿ 38 ಕಿಲೋಮೀಟರ್. ಕಾರಿನಲ್ಲಿ ಒಂದು ಗಂಟೆ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಸೂರ್ಯಾಸ್ತ ಕಾಣುವುದು ಅಪರೂಪ."

ಓದಿ ಮುಗಿಸಿದಾಗ ಅಣ್ಣನ ಮಗ ಹೇಳಿದ: "ಇದರಲ್ಲಿ ಚಂದದ ಮಾತು ಒಂದೂ ಇಲ್ಲ ಚಿಕ್ಕಪ್ಪ." ಸ್ವಲ್ಪ ಹೊತ್ತು ಬಿಟ್ಟು ತಾನೇ ಹೇಳಿದ: "ಆದರೆ ಜಗಲಿಯಲ್ಲಿ ಕೂತರೆ ನೀರಿನ ಸದ್ದು ಕೇಳ್ತದೆ ಅನ್ನೋದು ಚೆನ್ನಾಗಿದೆ. ನಿಜ ಅದು." ಆ ಒಂದು ಮಾತನ್ನು ನಮಗೆ ಕೊಟ್ಟವರು ಪುಣೆಯ ಅಜ್ಜಿ. ಅವರು ಎರಡು ದಿನ ಹಾಗೆ ಕೂತಿರದಿದ್ದರೆ ಅದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಪರಿಚಯ ಬದಲಾದ ಮೇಲೆ ಆ ಜುಲೈಯಲ್ಲಿ ಬಂದವರು ಹಿಂದಿನ ವರ್ಷಕ್ಕಿಂತ ಕಡಿಮೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಂದವರೆಲ್ಲ ಉದ್ದ ಕಾಲುಚೀಲ ತಂದಿದ್ದರು, ಅರ್ಧಕ್ಕೆ ಯಾರೂ ಹೋಗಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಮೆಟ್ಟಿಲು ಎಣಿಸಿದ ದಿನ ಮೊಮ್ಮಗಳು ಕೇಳಿದ್ದಳು: "ಮೆಟ್ಟಿಲಿಲ್ಲದೆ ನದಿ ಮುಟ್ಟುವ ಜಾಗವೇ ಇಲ್ವಾ?" ನಮಗಾರಿಗೂ ಆ ಯೋಚನೆ ಬಂದಿರಲಿಲ್ಲ. ಹುಡುಕಿದೆವು. ಮೂರು ಕಿಲೋಮೀಟರ್ ಕೆಳಗೆ, ಮರಳಿನ ದಂಡೆಯ ಪಕ್ಕದವರೆಗೆ ಕಾರು ಹೋಗುತ್ತದೆ. ಇಳಿಯಬೇಕಾದ್ದು ನಾಲ್ಕೇ ಮೆಟ್ಟಿಲು. ಅದನ್ನೂ ಪರಿಚಯಕ್ಕೆ ಸೇರಿಸಿದೆವು, ನವೆಂಬರ್‌ನಿಂದ ಮೇವರೆಗೆ ಮಾತ್ರ ಎಂಬ ಮಾತಿನೊಡನೆ. ಅಣ್ಣನ ಮಗ ಪುಣೆಗೆ ಫೋನ್ ಮಾಡಿ, ನಡೆದ ತಪ್ಪಿಗೆ ಕ್ಷಮೆ ಕೇಳಿ, ಈ ಜಾಗದ ವಿಷಯ ಹೇಳಿದ.

ಡಿಸೆಂಬರಿನಲ್ಲಿ ಅವರು ಮತ್ತೆ ಬಂದರು. ನಾನು, ಮೊಮ್ಮಗಳು ಜೊತೆಗೆ ಹೋದೆವು. ಅಜ್ಜಿ ಮಗನ ಕೈ ಹಿಡಿದು, ಕೋಲೂರಿ, ನಿಧಾನವಾಗಿ ಇಳಿಯುವಾಗ ಬಾಯಲ್ಲೇ ಎಣಿಸುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು. ನಾಲ್ಕಕ್ಕೆ ನಿಂತು, ತಿರುಗಿ ನನ್ನನ್ನು ನೋಡಿ ನಕ್ಕರು. ಆಮೇಲೆ ಬಂಡೆಯ ಮೇಲೆ ಕೂತು, ಎರಡೂ ಕಾಲನ್ನು ತುಂಗೆಗೆ ಇಳಿಬಿಟ್ಟರು.